ಕೆಂಪು ದೀಪ

22 ಜುಲೈ 2025, ಮಂಗಳವಾರ

ಮಧ್ಯಾಹ್ನ ಎರಡೂವರೆಗೆ ಗಾಳಿ ಎದ್ದು ಕರೆಂಟ್ ಹೋಯಿತು. ಲಂಡನ್ನಿನ ಆಡಿಯೊಬುಕ್ ನಾಳೆ ಅಲ್ಲಿನ ಸಂಜೆ ಐದಕ್ಕೆ ಕೊಡಬೇಕು. ಅಂದರೆ ನಮ್ಮ ರಾತ್ರಿ ಒಂಬತ್ತೂವರೆ. ಇನ್ನೂ ಆರು ಗಂಟೆಯಷ್ಟು ಧ್ವನಿ ಶುದ್ಧ ಮಾಡಬೇಕಿದೆ.

ಇನ್ವರ್ಟರಿಗೆ 150 ಎಎಚ್ ಬ್ಯಾಟರಿ. ಹಳೆಯದು, ಅರ್ಧಕ್ಕಿಂತ ಹೆಚ್ಚು ನಂಬುವ ಹಾಗಿಲ್ಲ. ಲ್ಯಾಪ್‌ಟಾಪ್, ರೌಟರ್ ಸೇರಿ 80 ವಾಟ್. ಇಷ್ಟೇ ಆದರೆ ಹತ್ತು ಗಂಟೆ ತಳ್ಳಬಹುದು. ಎರಡು ಫ್ಯಾನ್ ಹಾಕಿದರೆ ನಾಲ್ಕೇ ಗಂಟೆ. ಅಮ್ಮ ಬೀಸಣಿಗೆ ಹಿಡಿದು ಕೂತಳು. "ಆ ಲಂಡನ್ನಿನವ್ರಿಗೆ ಇಲ್ಲಿ ಮಳಿ ಬಪ್ದ್ ಗೊತ್ತಿಲ್ಯಾ?"

ಐದು ಗಂಟೆಗೆ ಫೈಬರ್ ಡಬ್ಬಿಯಲ್ಲಿ LOS ಎಂಬಲ್ಲಿ ಕೆಂಪು ದೀಪ. ಬೆಳಕು ಬರುತ್ತಿಲ್ಲವೆಂದರ್ಥ. ತಂತಿ ತುಂಡಾಯಿತೋ, ಆಚೆ ತುದಿಯ ಯಂತ್ರ ಸತ್ತಿತೋ ಎಂದು ದೀಪ ಹೇಳುವುದಿಲ್ಲ. ಪಕ್ಕದ ಮನೆಗೆ ಹೋಗಿ ನೋಡಿದೆ, ಅವರದ್ದೂ ಕೆಂಪು. ಹಾಗಾದರೆ ನನ್ನ ತಂತಿ ಸರಿಯಿದೆ. ಕೇಬಲ್ ಹುಡುಗನಿಗೆ ಫೋನ್ ಮಾಡಿದರೆ ಅದೇ: ಅವರ ಬ್ಯಾಟರಿ ಎರಡೂವರೆ ಗಂಟೆಯಲ್ಲಿ ಖಾಲಿ. ಇಷ್ಟು ವರ್ಷ ನನ್ನ ಬ್ಯಾಟರಿಯನ್ನೇ ದೊಡ್ಡದು ಮಾಡುತ್ತ ಬಂದಿದ್ದೇನೆ, ಪೆದ್ದ!

23 ಜುಲೈ, ಬುಧವಾರ

ಬೆಳಗ್ಗೆ ಒಂದು ಗಂಟೆ ಕರೆಂಟ್ ಬಂದು ಮತ್ತೆ ಹೋಯಿತು. ಸಂಜೆ ಆರಕ್ಕೆ ಕೆಲಸ ಮುಗಿಯಿತು. ಮಾಳಿಗೆಯ ಕಿಟಕಿಗೆ ಫೋನ್ ಕಟ್ಟಿ ಹಾಟ್‌ಸ್ಪಾಟ್ ಹಾಕಿದೆ. ಕಳಿಸುವ ವೇಗ 2 ಎಂಬಿಪಿಎಸ್. ಆರು ಗಂಟೆಯ ವೇವ್ ಫೈಲು 1.9 ಜಿಬಿ, ಹೋಗಲು ಎರಡು ಗಂಟೆಗೂ ಮಿಕ್ಕಿ ಬೇಕು, ಅದೂ ಟವರ್ ಕೈಕೊಡದಿದ್ದರೆ. ಫ್ಲ್ಯಾಕ್ ಮಾಡಿದರೆ ಗಾತ್ರ ಅರ್ಧಕ್ಕಿಳಿಯುತ್ತದೆ, ಧ್ವನಿಯಲ್ಲಿ ಒಂದು ಕಣವೂ ಕಳೆಯುವುದಿಲ್ಲ. ಆದರೆ ಕೇಳಿದ್ದು ವೇವ್. ಒಪ್ಪಿಗೆಯಾ ಎಂದು ಲಂಡನ್ನಿನವನಿಗೆ ಎರಡು ಸಾಲು ಬರೆದೆ. ಪುಣ್ಯಾತ್ಮ ಹತ್ತು ನಿಮಿಷದಲ್ಲಿ ಹೂಂ ಎಂದ. ಆಮೇಲೆ:

```
rsync -av --partial --append-verify flac/ london:in/
```

ಬ್ರೌಸರಿನಲ್ಲಿ ಹಾಕಿದ್ದರೆ ಪ್ರತಿ ಸಲ ಮೊದಲಿನಿಂದ ಶುರು. ಇದು ಬಿಟ್ಟ ಜಾಗದಿಂದ ಹಿಡಿದುಕೊಳ್ಳುತ್ತದೆ. ಸಿಗ್ನಲ್ ಮೂರು ಸಲ ಹೋಯಿತು, ಮೂರು ಸಲವೂ ಅದೇ ಸಾಲು ಮತ್ತೆ ಒತ್ತಿದೆ. 8.50ಕ್ಕೆ ಮುಗಿಯಿತು. ಫ್ಯಾನ್ ಹಾಕಿದೆ, ಅಮ್ಮ ನಿದ್ದೆಗಣ್ಣಲ್ಲೇ ನಕ್ಕಳು.

24 ಜುಲೈ, ಗುರುವಾರ, ಕರ್ಕಾಟಕ ಅಮಾವಾಸ್ಯೆ

ಮರವಂತೆ ಜಾತ್ರೆಗೆ ಹೋಗಿ ಅಮ್ಮ ಸಮುದ್ರಸ್ನಾನ ಮಾಡಿ ಬಂದಳು. ನಾನು ಹೋಗಲಿಲ್ಲ. ಲಂಡನ್ನಿನಿಂದ ಪತ್ರ: ಎಲ್ಲ ತಲುಪಿದೆ, ಆದರೆ ಹನ್ನೊಂದನೇ ಅಧ್ಯಾಯದಲ್ಲಿ ಎರಡು ಕಡೆ ತುಟಿಯ ಚಪ್ ಸದ್ದು ಉಳಿದಿದೆ.

ತೆಗೆದು ಕೇಳಿದೆ. ಹೌದು. ನಿನ್ನೆ ಮೂರು ಗಂಟೆಗೆ ಮಾಡಿದ ತುಂಡು. ಆಗ ತಗಡಿನ ಮೇಲೆ ಮಳೆ ಜಪ್ಪುತ್ತಿತ್ತು, ಹೆಡ್‌ಫೋನಿನೊಳಗೂ ಮಳೆಯೇ. ಬ್ಯಾಟರಿ, ನೆಟ್ ಎಲ್ಲಕ್ಕೂ ಲೆಕ್ಕ ಹಾಕಿದ್ದೆ, ಕಿವಿಗೆ ಹಾಕಿರಲಿಲ್ಲ. ಈಗ ಮಳೆ ನಿಂತಿದೆ, ತಿದ್ದಲು ಕೂತಿದ್ದೇನೆ. ಕೆಂಪು ದೀಪ ಇನ್ನೂ ಹಾಗೆಯೇ ಇದೆ.