ಒಂದು ಸಾಲು ಉತ್ತು ತೋರಿಸು

"ಎಲ್ಲಾ ಸರಿ, ಆದ್ರೆ ನೀವು ಕಾಫ್ಕಾ ಮುಟ್ಟೇ ಇಲ್ವಲ್ಲ" ಅಂದ್ರು ಇಂಟರ್‌ವ್ಯೂನಲ್ಲಿ. ನಿಜವೇ. ಆರು ವರ್ಷ ನಾನು ಬಳಸಿದ್ದು ರ‍್ಯಾಬಿಟ್‌ಎಂಕ್ಯೂ. "ಬೇಗ ಕಲೀತೀನಿ ಸರ್" ಅಂತ ಎಲ್ಲರೂ ಹೇಳ್ತಾರೆ. ನಮ್ಮೂರಲ್ಲಿ ಟ್ರ್ಯಾಕ್ಟರ್ ಓಡಿಸ್ತೀನಿ ಅಂತ ಬಂದವನಿಗೆ, ಒಂದು ಸಾಲು ಉತ್ತು ತೋರ್ಸು ಅಂತಾರೆ.

ಎರಡು ದಿನ ಬಿಟ್ಟು ಮೇಲ್ ಕಳಿಸಿದೆ. ಪ್ಲಾನ್ ಎರಡೇ ಸಾಲು: ಮೊದಲ ವಾರ ಪಾರ್ಟಿಷನ್ ಮತ್ತು ಆಫ್‌ಸೆಟ್, ಎರಡನೇ ವಾರ ಮೂರು ಬ್ರೋಕರ್ ಇಟ್ಟು, ಒಂದನ್ನ ನಿಲ್ಲಿಸಿ ನೋಡೋದು. ಜೊತೆಗೊಂದು ಪುಟ್ಟ ಸ್ಯಾಂಪಲ್.

ಸ್ಯಾಂಪಲ್‌ಗೆ ನಾನು ಆರಿಸಿಕೊಂಡಿದ್ದು ಎರಡರ ನಡುವಿನ ವ್ಯತ್ಯಾಸವನ್ನೇ. ರ‍್ಯಾಬಿಟ್‌ನ ಮಾಮೂಲಿ ಕ್ಯೂನಲ್ಲಿ 'ತಲುಪಿತು' ಅಂತ ಹೇಳಿದ ಮೇಲೆ ಮೆಸೇಜ್ ಅಳಿಸಿಹೋಗುತ್ತೆ. ಕಾಫ್ಕಾದಲ್ಲಿ ಅದು ಅವಧಿ ಮುಗಿಯೋವರೆಗೂ ಅಲ್ಲೇ ಇರುತ್ತೆ. ಎಲ್ಲಿವರೆಗೆ ಓದಿದ್ದೀವಿ ಅನ್ನೋ ಗುರುತೇ ಆಫ್‌ಸೆಟ್. ಹಾಗಾಗಿ ಆರ್ಡರ್‌ಗಳ ಒಂದು ಟಾಪಿಕ್, ಮೂರು ಪಾರ್ಟಿಷನ್ ಮಾಡಿ, ಕೆಲಸ ಮುಗಿದು ಆಫ್‌ಸೆಟ್ ಕಮಿಟ್ ಆಗೋ ಮೊದಲೇ ಕನ್ಸ್ಯೂಮರ್‌ನ ಕೊಂದೆ. ಮತ್ತೆ ಎಬ್ಬಿಸಿದಾಗ ಅವೇ ಮೆಸೇಜ್‌ಗಳು ಇನ್ನೊಮ್ಮೆ ಬಂದವು. ಟೇಬಲ್‌ನಲ್ಲಿ ಮೆಸೇಜ್ ಐಡಿ ಯೂನಿಕ್ ಇದ್ದಿದ್ದರಿಂದ ಎರಡನೇ ಸಲ ದಾಖಲಾಗಲಿಲ್ಲ. `README` ಕೊನೆಯಲ್ಲಿ ಬರೆದೆ: "ಒಂದೇ ಬ್ರೋಕರ್. ರೆಪ್ಲಿಕೇಷನ್ ಇನ್ನೂ ನೋಡಿಲ್ಲ."

ಮುಂದಿನ ರೌಂಡ್‌ನಲ್ಲಿ ಕೇಳಿದ್ದು: "ಮೂರು ಪಾರ್ಟಿಷನ್‌ನ ಆರು ಮಾಡಿದ್ರೆ?" ಆರ್ಡರ್ ನಂಬರೇ ಕೀ ಆಗಿರೋದ್ರಿಂದ, ಅದೇ ಆರ್ಡರ್‌ನ ಹೊಸ ಮೆಸೇಜ್ ಬೇರೆ ಪಾರ್ಟಿಷನ್‌ಗೆ ಹೋಗಿ ಕ್ರಮ ತಪ್ಪಬಹುದು ಅಂದೆ. ಮಾತು ಅಲ್ಲಿಂದ ಅರ್ಧ ಗಂಟೆ ನಡೀತು. ಅನುಭವ ಇದೆಯಾ ಅಂತ ಆಮೇಲೆ ಯಾರೂ ಕೇಳಲಿಲ್ಲ.