ಅಜ್ಜನ ಶೇರುಪತ್ರ ಮತ್ತು ಮೂರು ಕೆನರಾಗಳು

ಕಳೆದ ಮಳೆಗಾಲದಲ್ಲಿ ತರವಾಡು ಮನೆಯ ಅಟ್ಟವನ್ನು ಶುಚಿಗೊಳಿಸುವಾಗ ಅಜ್ಜನ ಪತ್ತಾಯದ ಅಡಿಯಲ್ಲಿ ಒಂದು ಶೇರುಪತ್ರ ದೊರೆಯಿತು. ಇಸವಿಯಿದ್ದ ಮೂಲೆಯನ್ನು ಹುಳು ತಿಂದಿತ್ತು. ಉಳಿದ ಅಕ್ಷರಗಳಲ್ಲಿ ಹತ್ತು ಶೇರುಗಳೆಂದೂ ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ (ಉಡುಪಿ) ಲಿಮಿಟೆಡ್’ ಎಂದೂ ಓದಬಹುದಿತ್ತು.

ಸೋದರಮಾವನಿಗೆ ಸಂಶಯವೇ ಇರಲಿಲ್ಲ. “ಕೆನರಾ ಎಂದ ಮೇಲೆ ಕೆನರಾ ಬ್ಯಾಂಕೇ ಅಲ್ಲವೇ? ಈಗ ಅದರ ಬೆಲೆ ಎಷ್ಟಾಗಿರಬಹುದು ಗೊತ್ತೇ?” ಎಂದರು. ಹಳೆಯ ಶೇರುಗಳನ್ನು ಹಣವಾಗಿಸಿಕೊಡುವೆನೆಂದ ಮಧ್ಯವರ್ತಿಯೊಬ್ಬ ಮುಂಗಡವಾಗಿ ಎಂಟು ಸಾವಿರ ರೂಪಾಯಿ ಕೇಳಿದ್ದ. ಕೊಡುವ ಮೊದಲು ನಾಲ್ಕು ದಿನ ಅವಕಾಶ ಬೇಕೆಂದು ನಾನು ಮಾವನನ್ನು ಬೇಡಿಕೊಂಡೆ.

ನಮ್ಮ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ‘ಕೆನರಾ’ ಎಂಬುದು ಬ್ಯಾಂಕಿನ ಹೆಸರಾಗಿರುವುದಕ್ಕಿಂತ ಮೊದಲು ಊರಿನ ಹೆಸರಾಗಿತ್ತು. ಯಾರು ಬೇಕಾದರೂ ಅದನ್ನು ಇಟ್ಟುಕೊಳ್ಳಬಹುದಿತ್ತು. ಹೀಗೆ ಮೂರು ಕೆನರಾಗಳು ಹುಟ್ಟಿದವು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಆರಂಭಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಮುಂದೆ ಕೆನರಾ ಬ್ಯಾಂಕ್ ಆಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಮೂರನೆಯದೇ ನಮ್ಮ ಪತ್ರದ್ದು. ಖಾನ್ ಬಹಾದೂರ್ ಹಾಜಿ ಅಬ್ದುಲ್ಲಾ ಸಾಹೇಬರು 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಐದು ಸಾವಿರ ರೂಪಾಯಿಯ ಬಂಡವಾಳದಿಂದ ತೊಡಗಿದ ಸಂಸ್ಥೆ ಅದು.

ಹುಳು ತಿಂದ ಇಸವಿಯನ್ನು ಆ ಆವರಣದೊಳಗಿನ ‘ಉಡುಪಿ’ಯೇ ಹೇಳಿತು. ಸಂಸ್ಥೆಯು 1939ರಲ್ಲಿ ಆ ಪದವನ್ನು ಕೈಬಿಟ್ಟು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಲಿಮಿಟೆಡ್ ಎನಿಸಿಕೊಂಡಿತು. 1972ರಲ್ಲಿ ‘ಕೆನರಾ’ವನ್ನೂ ಬಿಟ್ಟು ಕಾರ್ಪೊರೇಶನ್ ಬ್ಯಾಂಕ್ ಲಿಮಿಟೆಡ್ ಆಯಿತು. ಆದುದರಿಂದ ಪತ್ರವು 1939ಕ್ಕಿಂತ ಈಚಿನದಾಗಿರಲಾರದು. ಹಳೆಯ ಕಂಪನಿಯೊಂದರ ಮೂಲವನ್ನು ಹುಡುಕುವವನು ಹೆಸರನ್ನು ಅಕ್ಷರಬಿಡದೆ ಓದಬೇಕೆಂಬುದು ನನಗೆ ಅಲ್ಲಿ ಮನವರಿಕೆಯಾಯಿತು. ಬರಿಯ ‘ಕೆನರಾ’ವನ್ನು ಹಿಡಿದು ಹೊರಟಿದ್ದರೆ ಬೇರೆಯವರ ಮನೆಯ ಬಾಗಿಲನ್ನು ತಟ್ಟುತ್ತಿದ್ದೆವು.

ಮುಂದಿನ ಸಂಗತಿ ಎಲ್ಲರಿಗೂ ತಿಳಿದದ್ದೇ. 2020ರ ಏಪ್ರಿಲ್ 1ರಂದು ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಈ ಬ್ಯಾಂಕು ತನ್ನ ಜನ್ಮವರ್ಷವೆಂದು ಹೇಳಿಕೊಳ್ಳುವುದು 1919ನ್ನು. ಉಡುಪಿಯ 1906 ಅದರ ಲೆಕ್ಕಕ್ಕೆ ಬರುವುದಿಲ್ಲ. ವಿಲೀನದಲ್ಲಿ ಉಳಿಯುವ ಸಂಸ್ಥೆಯ ಜನ್ಮವರ್ಷ ಮಾತ್ರ ಉಳಿಯುತ್ತದೆ. ಸಾವಿರ ಕಾರ್ಪೊರೇಶನ್ ಬ್ಯಾಂಕ್ ಶೇರುಗಳಿಗೆ 330 ಯೂನಿಯನ್ ಬ್ಯಾಂಕ್ ಶೇರುಗಳೆಂದು ಆಗ ನಿಗದಿಯಾಗಿತ್ತು. ಮಧ್ಯವರ್ತಿ ಈ ಲೆಕ್ಕವನ್ನೇ ಮಾವನಿಗೆ ತೋರಿಸಿದ್ದ. ಅದಕ್ಕೆ ಇಷ್ಟು ವರ್ಷಗಳ ಬೋನಸ್ ಶೇರುಗಳ ಕನಸನ್ನೂ ಸೇರಿಸಿದ್ದ.

ಆದರೆ ನಡುವೆ ಒಂದು ಮೆಟ್ಟಿಲಿತ್ತು. 1980ರ ಏಪ್ರಿಲ್ 15ರಂದು ಬ್ಯಾಂಕು ರಾಷ್ಟ್ರೀಕರಣಗೊಂಡಿತು. ಅದು ಹೆಸರಿನ ಬದಲಾವಣೆಯಲ್ಲ, ವಿಲೀನವೂ ಅಲ್ಲ. ಅಂದಿನ ಕಾಯಿದೆಯು ಹಳೆಯ ಕಂಪನಿಯ ವ್ಯವಹಾರವನ್ನೆಲ್ಲ ಎತ್ತಿ ಹೊಸದೊಂದು ಶಾಸನಬದ್ಧ ಬ್ಯಾಂಕಿನಲ್ಲಿ ಇರಿಸಿತು. ಠೇವಣಿ, ಸಾಲ, ಕಟ್ಟಡ, ನೌಕರರು ಎಲ್ಲವೂ ಹೊಸದಕ್ಕೆ ಹೋದವು. ಶೇರುದಾರರು ಮಾತ್ರ ಹಳೆಯ ಕಂಪನಿಯಲ್ಲಿಯೇ ಉಳಿದರು. ವ್ಯವಹಾರದ ಬದಲಿಗೆ ಆ ಕಂಪನಿಗೆ ಪರಿಹಾರ ಸಂದಾಯವಾಗಬೇಕೆಂದು ಕಾಯಿದೆ ಹೇಳಿತು, ಶೇರುದಾರನ ಪಾಲು ಆ ಪರಿಹಾರದಲ್ಲಿಯೇ ಹೊರತು ಹೊಸ ಬ್ಯಾಂಕಿನಲ್ಲಿ ಅಲ್ಲ. ಹೊಸ ಬ್ಯಾಂಕು ಜನರಿಗೆ ಶೇರು ಮಾರಿದ್ದು 1997ರಲ್ಲಿ. 330ರ ಲೆಕ್ಕ ಅನ್ವಯಿಸುವುದು ಆ ಹೊಸ ಶೇರುಗಳಿಗೆ.

ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಠೇವಣಿ ರಸೀದಿಯಾಗಿದ್ದರೆ ಹೊಣೆ ಕೈಯಿಂದ ಕೈಗೆ ಸಾಗಿ ಇಂದು ಯೂನಿಯನ್ ಬ್ಯಾಂಕಿನವರೆಗೆ ಬರುತ್ತಿತ್ತು. ಕೇಳುವುದಕ್ಕಾದರೂ ಒಂದು ಬಾಗಿಲಿರುತ್ತಿತ್ತು. ಶೇರಿನ ದಾರಿಯಾದರೋ 1980ರಲ್ಲಿಯೇ ಬೇರೆ ಕಡೆಗೆ ತಿರುಗಿತ್ತು.

ಇದನ್ನೆಲ್ಲ ಒಂದು ಹಾಳೆಯಲ್ಲಿ ಇಸವಿಗಳ ಕ್ರಮದಲ್ಲಿ ಬರೆದು ಮಾವನ ಮುಂದಿಟ್ಟೆ. ಅವರು ಎರಡು ಬಾರಿ ಓದಿದರು. “ಹಾಗಾದರೆ 1980ರ ಆ ಹಣವನ್ನು ಯಾರು ತೆಗೆದುಕೊಂಡರು?” ಎಂದು ಕೇಳಿದರು. ಅಜ್ಜ ಅದಕ್ಕಿಂತ ಮೊದಲೇ ತೀರಿಕೊಂಡಿದ್ದರು; ಅಜ್ಜಿಗೆ ಓದು ಬರುತ್ತಿರಲಿಲ್ಲ. ಬಂದ ಕಾಗದವನ್ನು ಓದಿಸಿದವರಿದ್ದರೋ, ಕಾಗದವೇ ಬರಲಿಲ್ಲವೋ, ಮನೆಯ ಲೆಕ್ಕಪುಸ್ತಕದಲ್ಲಿ ಅದರ ಸುಳಿವಿರಲಿಲ್ಲ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಮಧ್ಯವರ್ತಿಗೆ ಫೋನು ಮಾಡಿ, ಬರುವುದು ಬೇಡವೆಂದರು.

ಪತ್ರವೀಗ ಗಾಜಿನ ಚೌಕಟ್ಟಿನಲ್ಲಿದೆ. ಅದರ ಹಿಂದೆ ನಾನು ಬರೆದ ಹಾಳೆಯನ್ನೂ ಸೇರಿಸಿದ್ದೇನೆ, ಮುಂದಿನವರು ಮತ್ತೊಮ್ಮೆ ಎಂಟು ಸಾವಿರ ಎಣಿಸದಿರಲೆಂದು.