ಅವ್ವನ ಮೊಣಕಾಲು, ಎರೆಮಣ್ಣಿನ ಪಂಚಾಂಗ

ಅವ್ವನ ಮೊಣಕಾಲಿನ ಆಪರೇಷನ್ ಮಾಡಿಸಲೇಬೇಕು ಎಂದು ಮನೆಮಂದಿಯೆಲ್ಲ ಒಪ್ಪಿದ ಮೇಲೆ ಮೊದಲು ಎದ್ದ ಪ್ರಶ್ನೆ ಯಾವ ದಿನ ಎಂಬುದು. ದೊಡ್ಡಪ್ಪ ಅಮಾವಾಸ್ಯೆ ಕಳೆಯಲಿ ಅಂದರು. ವೈನಿ ಜಾತ್ರೆ ಆಗಲಿ ಅಂದರು. ನನಗೆ ಮಾತ್ರ ಕುಂದಗೋಳ ತಾಲೂಕಿನ ನಮ್ಮ ಕುಬಿಹಾಳದ ಮಣ್ಣನ್ನೇ ಕೇಳಬೇಕು ಅನಿಸಿತು. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಗಟ್ಟಿಯಾಗಿ ಕೂತಿರುವ ಈ ಮಣ್ಣು ನಾಲ್ಕು ಹನಿ ಬಿದ್ದರೆ ಸಾಕು, ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಲು ಬಿಡುವುದಿಲ್ಲ. ಕೀಲು ಬದಲಿಸಿಕೊಂಡವರು ಮೊದಲ ಕೆಲವು ವಾರ ವಾಕರ್ ಹಿಡಿದು ನಡೆಯುತ್ತಾರೆ, ಆಮೇಲೆ ಕೋಲು. ಧೈರ್ಯವಾಗಿ ಓಡಾಡಲು ಮೂರು ತಿಂಗಳಾದರೂ ಬೇಕು. ಆ ಮೂರು ತಿಂಗಳು ಕಾಲಡಿಯ ನೆಲ ಒಣಗಿರಬೇಕು. ಕಡಲೆ ರಾಶಿ ಮುಗಿಸಿ ಫೆಬ್ರುವರಿಯ ಕೊನೆಗೆ ಆಪರೇಷನ್ ಆದರೆ ಜೂನ್ ಮಳೆ ಹಿಡಿಯುವಷ್ಟರಲ್ಲಿ ಅವ್ವ ಕೋಲನ್ನೂ ಬಿಟ್ಟಿರುತ್ತಾಳೆ. ಈ ಲೆಕ್ಕ ಹೇಳಿದಾಗ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಖರೇ ಮಾತು" ಅಂದರು. ಅಮಾವಾಸ್ಯೆಯ ಮಾತು ಅಲ್ಲಿಗೆ ನಿಂತಿತು.

ದವಾಖಾನೆಯ ಚೀಲ ಅಂದಕೂಡಲೇ ಜನ ಟವೆಲ್ಲು, ತಟ್ಟೆ, ತಂಬಿಗೆ ಎಣಿಸತೊಡಗುತ್ತಾರೆ. ಅವು ಮರೆತರೂ ಹುಬ್ಬಳ್ಳಿಯಲ್ಲಿ ಹತ್ತು ಹೆಜ್ಜೆಗೆ ಒಂದು ಅಂಗಡಿಯಲ್ಲಿ ಸಿಗುತ್ತವೆ. ಅಂಗಡಿಯಲ್ಲಿ ಸಿಗದ ತಯಾರಿ ಬೇರೆ ಇದೆ. ಅದನ್ನು ಮನೆಯಲ್ಲೇ, ಗಡಿಬಿಡಿ ಇಲ್ಲದ ಹೊತ್ತಿನಲ್ಲಿ, ಅವ್ವನ ಮುಂದೆ ಕೂತು ಮಾಡಬೇಕು.

ಮೊದಲನೆಯದು ಅವಳ ಕಾಲಿನ ಚರ್ಮ. ಮೊಣಕಾಲಿಗೆ ಹಾಕುವ ಹೊಸ ಕೀಲು ಲೋಹ ಮತ್ತು ಪ್ಲಾಸ್ಟಿಕ್ಕಿನದು. ಅದರ ಮೇಲೆ ರೋಗಾಣು ಕೂತರೆ ಅಲ್ಲಿಗೆ ರಕ್ತ ಹರಿಯದ ಕಾರಣ ಔಷಧವೂ ಸರಿಯಾಗಿ ಮುಟ್ಟುವುದಿಲ್ಲ, ಕೆಲವೊಮ್ಮೆ ಕೀಲನ್ನೇ ತೆಗೆಯಬೇಕಾಗುತ್ತದೆ. ಹಾಗಾಗಿ ಡಾಕ್ಟರು ಆಪರೇಷನ್ನಿನ ಹಿಂದಿನ ದಿನ ಕಾಲನ್ನು ಬೆರಳ ಸಂದಿಯವರೆಗೂ ನೋಡುತ್ತಾರೆ. ಹಿಮ್ಮಡಿಯ ಬಿರುಕಿನಲ್ಲಿ ಕೀವು, ಕಳೆ ತೆಗೆಯುವಾಗ ಚುಚ್ಚಿದ ಮುಳ್ಳಿನ ಗಾಯ, ಹುಳುಕು ಹಲ್ಲು, ಉರಿಮೂತ್ರ, ಇವುಗಳಲ್ಲಿ ಒಂದಿದ್ದರೂ ದಿನ ಮುಂದಕ್ಕೆ ಹೋಗುತ್ತದೆ. ನಮ್ಮ ಹೆಣ್ಣುಮಕ್ಕಳು ಮುಳ್ಳು ಚುಚ್ಚಿದ್ದನ್ನು ಒಂದು ನೋವು ಅಂತ ಹೇಳುವುದೇ ಇಲ್ಲ. ಕೇಳಿದರೆ "ಏನ್ ಆಗೂದಿಲ್ಲ ಬಿಡ" ಅನ್ನುತ್ತಾರೆ. ಅದಕ್ಕೇ ಅವ್ವನಿಗೆ ಆಪರೇಷನ್ನಿನ ಮುಂಚಿನ ವಾರಗಳಲ್ಲಿ ಹೊಲ ಬಿಡಿಸಿದೆವು, ರಾತ್ರಿ ಕಾಲು ತೊಳೆಸಿ ಲೈಟಿನ ಕೆಳಗೆ ಅಂಗಾಲು ನೋಡಿದೆವು. ಇನ್ನೊಂದು ಮಾತು: ಸ್ವಚ್ಛ ಮಾಡಿ ಕಳಿಸೋಣ ಎಂದು ಕಾಲಿನ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬಾರದು. ಬ್ಲೇಡು ಮಾಡುವ ಕಣ್ಣಿಗೆ ಕಾಣದ ಗಾಯಗಳಲ್ಲೇ ರೋಗಾಣು ಸೇರಿಕೊಳ್ಳುತ್ತದೆ. ತೆಗೆಯುವುದು ಬೇಕಿದ್ದರೆ ದವಾಖಾನೆಯವರೇ ಕತ್ತರಿಸುವ ಯಂತ್ರದಿಂದ ತೆಗೆಯುತ್ತಾರೆ.

ಎರಡನೆಯದು ಗುಳಿಗೆಯ ಚೀಟಿ. ಒಂದು ಹಾಳೆಯ ಮೇಲೆ ಅವ್ವ ನುಂಗುವ ಪ್ರತಿಯೊಂದು ಗುಳಿಗೆಯ ಹೆಸರು, ಎಷ್ಟು ಎಂ.ಜಿ., ಯಾವ ಹೊತ್ತಿಗೆ ಎಂದು ಬರೆದೆವು. ಹೆಸರಿರುವ ತುದಿಯನ್ನೇ ಮೊದಲು ಹರಿದು ಗುಳಿಗೆ ತೆಗೆಯುವುದು ಎಲ್ಲರ ಮನೆಯ ರೂಢಿ, ಹಾಗಾಗಿ ಹಾಳೆಯ ಜತೆಗೆ ಹೆಸರು ಉಳಿದಿರುವ ಹೊಸ ಪಟ್ಟಿಗಳನ್ನೇ ಇಟ್ಟೆವು. ಬಿ.ಪಿ. ಗುಳಿಗೆ, ಸಕ್ಕರೆ ಗುಳಿಗೆ, ರಕ್ತ ತೆಳು ಮಾಡುವ ಗುಳಿಗೆ, ಇವುಗಳಲ್ಲಿ ಯಾವುದನ್ನು ಎಷ್ಟು ದಿನ ಮೊದಲೇ ನಿಲ್ಲಿಸಬೇಕು, ಯಾವುದನ್ನು ಆ ಮುಂಜಾನೆಯೂ ಒಂದು ಗುಟುಕು ನೀರಿನಲ್ಲಿ ನುಂಗಬೇಕು ಎಂದು ಅರಿವಳಿಕೆ ಡಾಕ್ಟರು ಇದೇ ಹಾಳೆ ನೋಡಿ ಗುರುತು ಹಾಕಿಕೊಟ್ಟರು. ಮನೆಯವರು ಊಹೆಯಿಂದ ಮಾಡುವ ಕೆಲಸ ಇದಲ್ಲ.

ಆದರೆ ಹಾಳೆಗೆ ಬರದೆ ಉಳಿಯುವ ಔಷಧ ಒಂದಿರುತ್ತದೆ, ನನಗೆ ಹೆಚ್ಚು ಕಾಳಜಿ ಇದ್ದದ್ದು ಅದರ ಬಗ್ಗೆ. ಮೊಣಕಾಲು ನೋವಿಗೆಂದು ಸಂತೆಯಲ್ಲೋ ಯಾರದೋ ಮಾತು ಕೇಳಿ ಬೇರೆ ಊರಲ್ಲೋ ತಂದ ಪುಡಿ, ಹೆಸರಿಲ್ಲದ ಗುಳಿಗೆಯ ಪೊಟ್ಟಣ. ಎರಡು ದಿನದಲ್ಲಿ ನೋವು ಮಾಯವಾಗಿಸುವ ಇಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆತಿರುವುದುಂಟು. ಅದನ್ನು ಬಹಳ ದಿನ ತೆಗೆದುಕೊಂಡವರ ಮೈ ತಾನೇ ತಯಾರಿಸಬೇಕಾದ ಸ್ಟೆರಾಯ್ಡನ್ನು ತಯಾರಿಸುವುದು ಕಡಿಮೆ ಮಾಡಿರುತ್ತದೆ. ಆಪರೇಷನ್ನಿನ ಹೊತ್ತಿಗೆ ಅದು ಸಾಲದೆ ಬಿ.ಪಿ. ಏಕಾಏಕಿ ಕುಸಿಯಬಹುದು, ಗಾಯ ಮಾಯುವುದೂ ತಡವಾಗಬಹುದು. ಮೊದಲೇ ಗೊತ್ತಿದ್ದರೆ ಡಾಕ್ಟರು ಅದಕ್ಕೆ ತಕ್ಕ ಇಂಜೆಕ್ಷನ್ ಕೊಟ್ಟು ನಿಭಾಯಿಸುತ್ತಾರೆ. ಅವ್ವ ಬೈಯಿಸಿಕೊಳ್ಳುವ ಅಂಜಿಕೆಯಿಂದ ಇದನ್ನು ನಮ್ಮ ಮುಂದೆ ಹೇಳಲಿಲ್ಲ. ಚಿಗವ್ವನ ಮುಂದೆ ಹೇಳಿದಳು. ಟ್ರಂಕಿನ ತಳದಿಂದ ಪೊಟ್ಟಣ ಹೊರಗೆ ಬಂತು, ಅದನ್ನೂ ಚೀಟಿಯ ಜತೆಗೆ ಕಟ್ಟಿದೆವು. ಇಂಥ ಪ್ರಶ್ನೆಯನ್ನು ಮಗ ಕೇಳುವುದಕ್ಕಿಂತ ತಂಗಿಯೋ ಅಕ್ಕನೋ ಕೇಳುವುದು ವಾಸಿ.

ಮೂರನೆಯದು ಮೈಮೇಲಿನ ಬಂಗಾರ, ಬಳೆ. ಆಪರೇಷನ್ನಿನಲ್ಲಿ ರಕ್ತ ನಿಲ್ಲಿಸಲು ವಿದ್ಯುತ್ತಿನ ಸಲಕರಣೆ ಬಳಸುತ್ತಾರೆ, ಮೈಮೇಲೆ ಲೋಹವಿದ್ದರೆ ಅಲ್ಲಿ ಸುಡುವ ಅಪಾಯ ಇರುತ್ತದೆ. ಕೈಕಾಲು ಊದಿಕೊಂಡರೆ ಉಂಗುರ, ಕಾಲುಂಗುರ ರಕ್ತದ ಓಟ ತಡೆಯುತ್ತವೆ. ಗಾಜಿನ ಬಳೆ ಸಲೈನ್ ಸೂಜಿಗೆ, ಬಿ.ಪಿ. ಪಟ್ಟಿಗೆ ಅಡ್ಡ. ಕಾರಣ ಇಷ್ಟೇ. ಆದರೆ ಮುಂಜಾನೆ ಆರು ಗಂಟೆಗೆ ನರ್ಸ್ ಬಂದು ಅವಸರದಲ್ಲಿ "ಬಳೆ ತೆಗೀರಿ, ತಾಳಿ ತೆಗೀರಿ" ಅಂದರೆ, ಗಂಡ ಬದುಕಿರುವ ಹೆಣ್ಣುಮಗಳ ಎದೆಗೆ ಅದು ಹೇಗೆ ಬಡಿಯುತ್ತದೆ ಎಂಬುದನ್ನು ನಾವು ಯೋಚಿಸಬೇಕು. ಆಪರೇಷನ್ನಿನ ಅಂಜಿಕೆಗೆ ಅಪಶಕುನದ ಅಂಜಿಕೆಯೂ ಸೇರುತ್ತದೆ. ನಾವು ಇದನ್ನು ಊರಲ್ಲೇ ಮುಗಿಸಿದೆವು. ಹೊರಡುವ ಹಿಂದಿನ ದಿನ ಚಿಗವ್ವ ಅವ್ವನ ಕೈಗೆ ಸೋಪಿನ ನೀರು ಹಚ್ಚಿ ಬಳೆಗಳನ್ನು ಒಂದೂ ಒಡೆಯದಂತೆ ಇಳಿಸಿದಳು. ತಾಳಿಯ ಬದಲು ಅರಿಶಿನ ಕೊಂಬು ಕಟ್ಟಿದ ದಾರವನ್ನು ಅಪ್ಪನ ಕೈಯಿಂದಲೇ ಕೊರಳಿಗೆ ಹಾಕಿಸಿದಳು. ತೆಗೆದ ಬಳೆಗಳನ್ನೇ ಡಬ್ಬಿಯಲ್ಲಿಟ್ಟು ಚೀಲಕ್ಕೆ ಹಾಕಿದೆವು, ಬಿಡುಗಡೆಯ ದಿನ ತೊಡಲು.

ಉಳಿದದ್ದು ಲಿಂಗ. ಅವ್ವ ಲಿಂಗದೀಕ್ಷೆ ಆದವಳು, ಮೈಯಿಂದ ಅದನ್ನು ದೂರ ಮಾಡುವ ಮಾತೇ ಅವಳಿಗೆ ಒಪ್ಪಿಗೆಯಿಲ್ಲ. ಇದನ್ನು ಥಿಯೇಟರಿನ ಬಾಗಿಲಲ್ಲಿ ನಿಂತು ಚರ್ಚಿಸಲಾಗದು. ಅರಿವಳಿಕೆ ತಪಾಸಣೆಯ ದಿನವೇ ಕೇಳಿದೆವು. ಡಾಕ್ಟರಿಗೆ ತೊಂದರೆ ಇದ್ದದ್ದು ಬೆಳ್ಳಿಯ ಕರಡಿಗೆಯದು, ಲಿಂಗದ್ದಲ್ಲ. ಕರಡಿಗೆ ಮನೆಯಲ್ಲಿ ಉಳಿಯಿತು. ಲಿಂಗವನ್ನು ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿ ಬಿ.ಪಿ. ಪಟ್ಟಿ ಕಟ್ಟದ ತೋಳಿಗೆ ನೂಲಿನಿಂದ ಕಟ್ಟಲು ಅವರು ಒಪ್ಪಿದರು. ಎಲ್ಲ ಕಡೆಯೂ ಇದೇ ರೀತಿ ಒಪ್ಪುತ್ತಾರೆಂದು ಹೇಳಲಾರೆ. ಮೊದಲೇ ಕೇಳಿದರೆ ಮಾತಾಡಲು ಹೊತ್ತು ಸಿಗುತ್ತದೆ.

ಹೊಟ್ಟೆ ಖಾಲಿ ಇರಬೇಕೆಂಬ ಕಟ್ಟಳೆ ಎಲ್ಲರಿಗೂ ಗೊತ್ತು, ಯಾಕೆ ಎಂಬುದು ಗೊತ್ತಿರುವುದಿಲ್ಲ. ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ ಎಂಬ ಹೆರಿಗೆ ಡಾಕ್ಟರು 1946ರಲ್ಲಿ ಇದನ್ನು ವಿವರವಾಗಿ ಬರೆದರು. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಪುಪ್ಪುಸಕ್ಕೆ ಇಳಿದರೆ, ಅದರಲ್ಲಿನ ಆಮ್ಲ ಪುಪ್ಪುಸವನ್ನು ಸುಡುತ್ತದೆ. ಅದಕ್ಕೇ ಲಘು ಆಹಾರ ತಿಂದು ಆರು ತಾಸು ಕಳೆದಿರಬೇಕು, ಜಿಡ್ಡಿನ ಊಟವಾದರೆ ಇನ್ನೂ ಹೆಚ್ಚು, ಬರೀ ನೀರಾದರೆ ಎರಡು ತಾಸು. ನಮ್ಮ ಕಡೆ ಎಡವಟ್ಟಾಗುವುದು ಹಾಲಿನಲ್ಲಿ. ಏಕಾದಶಿ, ಸೋಮವಾರ ಮಾಡುವವರು ಅಂದು ಹಾಲು, ಚಹಾ, ಬಾಳೆಹಣ್ಣು ತೆಗೆದುಕೊಳ್ಳುತ್ತಾರೆ, ಅದರಿಂದ ಉಪವಾಸ ಕೆಡುವುದಿಲ್ಲ. ಆಪರೇಷನ್ನಿನ ಲೆಕ್ಕದಲ್ಲಿ ಹಾಲು ಹೊಟ್ಟೆಯಲ್ಲಿ ಗಡ್ಡೆಕಟ್ಟುವ ಆಹಾರ, ಅರ್ಧ ಕಪ್ ಚಹಾ ಕುಡಿದರೂ ಆರು ತಾಸಿನ ಲೆಕ್ಕ ಮತ್ತೆ ಮೊದಲಿನಿಂದ. "ಬೆನ್ನಿಗೆ ಸೂಜಿ ಕೊಡತಾರಲ್ಲ, ಹೊಟ್ಟಿಗೇನ ಸಂಬಂಧ?" ಎಂದು ಅಪ್ಪ ಕೇಳಿದ್ದು ಒಳ್ಳೆಯ ಪ್ರಶ್ನೆಯೇ. ಬೆನ್ನಿನ ಸೂಜಿ ಸಾಲದೆ ಹೋದರೆ ಪೂರ್ತಿ ನಿದ್ದೆ ಮಾಡಿಸಬೇಕಾಗುತ್ತದೆ, ಆ ಸಂದರ್ಭಕ್ಕಾಗಿ ಹೊಟ್ಟೆ ಖಾಲಿ ಇರಬೇಕು. ಆ ಮುಂಜಾನೆ ಎಲೆ-ಅಡಿಕೆ, ತಂಬಾಕಿನ ಸಂಚಿಯನ್ನೂ ಅವ್ವನ ಕೈಗೆ ಸಿಗದಂತೆ ಇಡಬೇಕು.

ಕಾಗದಪತ್ರದ ಮಾತನ್ನು ಬೇಗ ಮುಗಿಸುತ್ತೇನೆ. 2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿ ದವಾಖಾನೆಗೆ ಹೋಗುವವರು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ತರಬೇಕು, ಮೇಲಿನಿಂದ ಮಂಜೂರಾತಿಯೂ ಬರಬೇಕು. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಇದ್ದರೆ ಅಲ್ಲೇ ತಡೆ. ಹೆಸರು ಕೂಡಿಸಿ ನೋಡುವ ಕೆಲಸವನ್ನು ದಿನಾಂಕ ಹಿಡಿಯುವ ಮೊದಲೇ ಮಾಡಿರಿ.

ಇನ್ನು ಚೀಲ. ಅವ್ವ ಇಳಕಲ್ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಆದರೆ ಸೀರೆಯ ನೆರಿಗೆ ವಾಕರ್ ಕಾಲಿಗೆ ಸಿಕ್ಕರೆ ಬೀಳುವುದೇ. ಪಾದದ ಮೇಲೆ ನಾಲ್ಕು ಬೆರಳು ನಿಲ್ಲುವಂತೆ ಹೊಲಿಸಿದ ಸಡಿಲ ನೈಟಿಗಳನ್ನು ಹಾಕಿದೆವು, ಮೇಲೆ ಹೊದೆಯಲು ಟವೆಲ್, ಮಾನಕ್ಕೆ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿ ಇರುವ, ಜಾರದ ಚಪ್ಪಲಿ ಬೇಕು. ಕನ್ನಡಕ, ಕಟ್ಟಿದ ಹಲ್ಲಿಗೆ ಮುಚ್ಚಳದ ಡಬ್ಬಿ, ಹಳೆಯ ಎಕ್ಸ್‌ರೇ, ಉದ್ದ ವಾಯರಿನ ಚಾರ್ಜರ್. ಜತೆಗಿರುವವರದು ಬೇರೆ ಗಂಟು: ನೆಲಕ್ಕೆ ಹಾಸಲು ಒಂದು ಕೌದಿ, ಹೊದೆಯಲು ಒಂದು, ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಈ ಊಟ ಕೆಡುವುದಿಲ್ಲ, ಕ್ಯಾಂಟೀನು ಮುಚ್ಚಿದರೂ ಉಪವಾಸ ಬೀಳುವುದಿಲ್ಲ. ಹೆಣ್ಣುಮಕ್ಕಳ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಬಿಡುವುದಿಲ್ಲ, ಆದ್ದರಿಂದ ಚಿಗವ್ವ, ವೈನಿ ಪಾಳಿ ಹಾಕಿಕೊಂಡರು. ಎಮ್ಮೆ ಹಿಂಡುವ ಕೆಲಸ ಅಣ್ಣನ ಪಾಲಿಗೆ ಬಂತು. ಎಮ್ಮೆಗೆ ಹೊಸ ಕೈ ರೂಢಿಯಾಗಲೆಂದು ಅವನು ಮುಂಚಿನ ವಾರವೇ ಹಿಂಡಲು ಶುರುಮಾಡಿದ.

ಮನೆಯಲ್ಲಿ ಪಡಸಾಲೆಗೆ ಮಂಚ ತಂದೆವು. ಕೂತಾಗ ಅಂಗಾಲು ನೆಲಕ್ಕೆ ಊರಬೇಕು, ಸೊಂಟ ಮೊಣಕಾಲಿಗಿಂತ ಸ್ವಲ್ಪ ಮೇಲಿರಬೇಕು. ನಮ್ಮ ಮಂಚ ತಗ್ಗಿತ್ತು, ನಾಲ್ಕೂ ಕಾಲಿನ ಕೆಳಗೆ ಕಟ್ಟಿಗೆಯ ತುಂಡು ಕೊಟ್ಟು ಎತ್ತರಿಸಿದೆವು. ಕುಕ್ಕರಗಾಲಲ್ಲಿ ಕೂರುವಂತಿಲ್ಲವಾದ್ದರಿಂದ ಪಾಯಖಾನೆಗೆ ಕಮೋಡ್ ಕುರ್ಚಿ ತಂದು ಇಟ್ಟೆವು. ನೆಲಹಾಸು, ಚಾಪೆ ಎತ್ತಿಟ್ಟೆವು. ಬಂದವರಿಗೆ ಒಂದು ಮಾತು ಹೇಳಲು ಎಲ್ಲರೂ ಕಲಿತೆವು: ಪ್ರೀತಿಯಿಂದ ಮೊಣಕಾಲ ಕೆಳಗೆ ದಿಂಬು ಇಡಬೇಡಿರಿ. ಹಾಗೆ ಮಡಿಸಿಯೇ ಇಟ್ಟರೆ ಕಾಲು ನೆಟ್ಟಗಾಗದೆ ಉಳಿಯುತ್ತದೆ, ದಿಂಬು ಹಿಮ್ಮಡಿಯ ಕೆಳಗೆ ಇರಲಿ. ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ. ಊರವರೆಲ್ಲ ಒಮ್ಮೆಗೇ ನೋಡಲು ಬರಬಾರದೆಂದು ಹೇಳುವುದು ಕಷ್ಟ, ಬರದಿದ್ದರೆ ಅವ್ವನಿಗೇ ಬೇಜಾರು. ಅದಕ್ಕೆ ಅಪ್ಪ ಕಟ್ಟೆಯ ಮೇಲೆ ಕೂತು ಬಂದವರನ್ನು ಮೊದಲು ಮಾತಾಡಿಸಿ, ಕೆಮ್ಮು ನೆಗಡಿ ಇದ್ದವರಿಗೆ ಅಲ್ಲೇ ಚಹಾ ಕೊಟ್ಟು, ಉಳಿದವರನ್ನು ಇಬ್ಬಿಬ್ಬರಾಗಿ ಒಳಗೆ ಕಳಿಸುವುದೆಂದು ಗೊತ್ತು ಮಾಡಿದೆವು.